74 ಚಿತ್ರ ಹಾಕಿ ಲುಕ್‌ಬುಕ್ ಮಾಡಿದೆ, "ಇದರಲ್ಲಿ ನಾನು ಏನು ನೋಡಬೇಕು?" ಅಂದರು

ಹೊಸಫ್ರೇಮ್

ಇದು ನನ್ನ ಮೊದಲ ಕಿರುಚಿತ್ರ, 22 ನಿಮಿಷದ್ದು. ತಂದೆ ತೀರಿಕೊಂಡ ಮೇಲೆ ಅಣ್ಣ ತಂಗಿ ಇಬ್ಬರೂ ಮನೆ ಖಾಲಿ ಮಾಡಲು ಬರುತ್ತಾರೆ. ಸಂಜೆ ಶುರುವಾಗಿ ಮರುದಿನ ಬೆಳಗ್ಗೆ ಮುಗಿಯುವ ಕಥೆ. ಪೂರ್ತಿ ಒಂದೇ ಮನೆಯೊಳಗೆ.

ಸಿನಿಮಾ ಹೇಗೆ ಕಾಣಬೇಕು ಅಂತ ತೋರಿಸಲು ಎರಡು ತಿಂಗಳು ಕೂತು ಚಿತ್ರಗಳನ್ನು ಕೂಡಿಹಾಕಿದೆ. ಪೇಂಟಿಂಗ್, ಫೋಟೊ, ಸಿನಿಮಾ ಸ್ಟಿಲ್ ಎಲ್ಲ ಸೇರಿ 74 ಆಯಿತು. ಪಿಡಿಎಫ್ ಮಾಡಿ ಕ್ಯಾಮೆರಾಮನ್‌ಗೂ ಆರ್ಟ್ ಡೈರೆಕ್ಟರ್‌ಗೂ ಕಳಿಸಿದೆ. ನಿನ್ನೆ ಮೂವರೂ ಕೂತೆವು. ಕ್ಯಾಮೆರಾಮನ್ ಕೊನೆಯವರೆಗೂ ಪುಟ ತಿರುಗಿಸಿದರು. "ಚೆನ್ನಾಗಿದೆ" ಅಂದರು. ಆಮೇಲೆ ಕಿಟಕಿ ಪಕ್ಕ ಬೆನ್ನು ಹಾಕಿ ನಿಂತ ಹೆಂಗಸಿನ ಚಿತ್ರಕ್ಕೆ ವಾಪಸ್ ಬಂದು, "ಇದರಲ್ಲಿ ನಾನು ಏನು ನೋಡಬೇಕು? ಬೆಳಕಾ, ಲೆನ್ಸಾ, ಅವಳು ನಿಂತಿರೋ ರೀತಿಯಾ?" ಅಂತ ಕೇಳಿದರು. ನಾನು "ಮೂಡ್ ಸರ್" ಅಂದೆ. ಅವರು ನಕ್ಕರು. ಆರ್ಟ್ ಡೈರೆಕ್ಟರ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಗೋಡೆ ಯಾವ ಬಣ್ಣ?" ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಶೂಟಿಂಗ್‌ಗೆ ಐದು ವಾರ ಇದೆ. ಮನೆ ಗೊತ್ತಾಗಿದೆ. ಎಲ್ಲ ಗೋಡೆಯೂ ಬಿಳಿ, ಮುಖ್ಯ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಈ 74ರಲ್ಲಿ ಯಾವುದನ್ನು ಉಳಿಸಲಿ, ಯಾವುದನ್ನು ತೆಗೆಯಲಿ?

ಕಥೆಕಟ್ಟೆ

74 ತುಂಬಾ ಜಾಸ್ತಿ ಆಯಿತು. ಮೊದಲ ಪುಟದಲ್ಲಿ ಶೀರ್ಷಿಕೆ ಮತ್ತು ಒಂದು ಸಾಲಿನ ಕಥೆ ಇರಲಿ. ಎರಡನೆಯದರಲ್ಲಿ ಪಾತ್ರಗಳು. ಮೂರನೆಯದರಲ್ಲಿ ನೀವು ಈ ಚಿತ್ರ ಯಾಕೆ ಮಾಡುತ್ತಿದ್ದೀರಿ ಅನ್ನೋದು. ಒಟ್ಟು 15 ಪುಟ ದಾಟಬಾರದು. ದುಡ್ಡು ಹಾಕುವವರು ಅದಕ್ಕಿಂತ ಮುಂದೆ ನೋಡಲ್ಲ.

ಹೊಸಫ್ರೇಮ್

ದುಡ್ಡು ಹಾಕುವವನು ನಾನೇ ಸರ್, ನನಗೆ ಕಥೆ ಗೊತ್ತು. 🙂 ಈ ಬುಕ್ ಕ್ಯಾಮೆರಾಮನ್‌ಗೂ ಆರ್ಟ್‌ನವರಿಗೂ ಮಾತ್ರ.

ಮಂದಬೆಳಕು

ನಾನು ಕ್ಯಾಮೆರಾ ಕೆಲಸದವನು. ನಿಮ್ಮ ಕ್ಯಾಮೆರಾಮನ್ ಕೇಳಿದ ಪ್ರಶ್ನೆ ಸರಿಯಾಗಿದೆ.

ಒಂದು ಚಿತ್ರದಲ್ಲಿ ಹತ್ತು ವಿಷಯ ಇರುತ್ತದೆ. ನಿಮಗೆ ಇಷ್ಟವಾಗಿದ್ದು ಅದರಲ್ಲಿ ಒಂದು. ಯಾವುದು ಅಂತ ಹೇಳದಿದ್ದರೆ ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದನ್ನು ಎತ್ತಿಕೊಂಡು ಹೋಗುತ್ತಾರೆ.

ನನಗೇ ಆಗಿದ್ದು ಹೇಳುತ್ತೇನೆ. ಒಬ್ಬ ನಿರ್ದೇಶಕರು ಕೆಂಪು ಕಾರಿಡಾರ್‌ನ ಫೋಟೊ ಕೊಟ್ಟಿದ್ದರು. ನಾನು ಅದನ್ನು ನೋಡಿ ಕೆಂಪು ಲೈಟ್ ಪ್ಲಾನ್ ಮಾಡಿದೆ. ಆರ್ಟ್‌ನವರು ಅದೇ ಫೋಟೊ ನೋಡಿ ಗೋಡೆಗೆ ಕೆಂಪು ಬಳಿದರು. ಕೆಂಪು ಲೈಟ್ ಕೆಂಪು ಗೋಡೆ ಮೇಲೆ ಬಿದ್ದಾಗ ಗೋಡೆಗೆ ಬಣ್ಣ ಹಚ್ಚಿದ್ದೇ ಗೊತ್ತಾಗಲಿಲ್ಲ. ಬಿಳಿ ಗೋಡೆ ಆಗಿದ್ದರೂ ಹಾಗೇ ಕಾಣುತ್ತಿತ್ತು. ಮುಖವೂ ಕೆಂಪು, ಗೋಡೆಯೂ ಕೆಂಪು, ಎಲ್ಲ ಒಂದೇ ಮುದ್ದೆ. ಅರ್ಧ ದಿನ ಹೋಯಿತು. ಆಮೇಲೆ ನಿರ್ದೇಶಕರು ಹೇಳಿದರು, "ಅಯ್ಯೋ, ನಾನು ತೋರಿಸಿದ್ದು ಕಾರಿಡಾರ್ ಎಷ್ಟು ಉದ್ದ ಕಾಣುತ್ತೆ ಅಂತ. ಬಣ್ಣ ಅಲ್ಲ." ಅವರಿಗೆ ಬೇಕಾಗಿದ್ದು ಬರೀ ವೈಡ್ ಲೆನ್ಸ್.

ಅದಕ್ಕೆ ಇವತ್ತು ರಾತ್ರಿ ಹೀಗೆ ಮಾಡಿ. ಪ್ರತಿ ಚಿತ್ರದ ಕೆಳಗೆ ಒಂದೇ ವಾಕ್ಯ ಬರೆಯಿರಿ. ಈ ಚಿತ್ರದಿಂದ ಏನು ಬೇಕು, ಯಾವ ದೃಶ್ಯಕ್ಕೆ ಬೇಕು, ಅದರಲ್ಲಿ ಏನು ಬೇಡ. "ಮೂಡ್", "ಫೀಲ್", "ಒಂಟಿತನ" ಈ ಮೂರು ಪದ ಬಳಸಬೇಡಿ. ವಾಕ್ಯ ಹುಟ್ಟದ ಚಿತ್ರವನ್ನು ಬೇರೆ ಫೋಲ್ಡರ್‌ಗೆ ಹಾಕಿ. ಡಿಲೀಟ್ ಮಾಡಬೇಡಿ, ಅದು ನಿಮಗೆ ಬೇಕಾಗುತ್ತದೆ. ನಮಗೆ ಬೇಡ ಅಷ್ಟೇ.

ಹೊಸಫ್ರೇಮ್

ಬರೆದೆ. 31ಕ್ಕೆ ಮಾತ್ರ ವಾಕ್ಯ ಬಂತು. ಅದರಲ್ಲೂ ಒಂಬತ್ತು ಚಿತ್ರಕ್ಕೆ ಹೆಚ್ಚು ಕಡಿಮೆ ಒಂದೇ ವಾಕ್ಯ: "ಬೆಳಕು ಪಕ್ಕದ ಕಿಟಕಿಯಿಂದ ಮಾತ್ರ ಬರಬೇಕು, ಕೋಣೆಯ ಉಳಿದ ಭಾಗ ಕತ್ತಲಿಗೆ ಜಾರಬೇಕು." ಆ ಒಂಬತ್ತರಲ್ಲಿ ಮೂರು ಡೆನ್ಮಾರ್ಕಿನ ಚಿತ್ರಕಾರ ವಿಲ್ಹೆಲ್ಮ್ ಹ್ಯಾಮರ್ಶೋಯ್ ಪೇಂಟಿಂಗ್. ಒಂದನ್ನು ಇಟ್ಟುಕೊಂಡು ಉಳಿದದ್ದು ತೆಗೆಯಬೇಕು ಅಲ್ವಾ? ಕರುಳು ಹಿಂಡುತ್ತಿದೆ.

ಗ್ರೇಡ್‌ಮನೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಗುರು. ಆರು ಬಣ್ಣದ ಒಂದು ಪಟ್ಟಿ ಮಾಡಿ ಕೊಡಿ, ಸಾಕು. ಲಾಗ್‌ನಲ್ಲಿ, ಅಂದರೆ ಬಣ್ಣ, ಕಾಂಟ್ರಾಸ್ಟ್ ಮಂಕಾಗಿ ದಾಖಲಾಗುವ ಹಾಗೆ ಶೂಟ್ ಮಾಡಿ. ಬಣ್ಣ, ಕಾಂಟ್ರಾಸ್ಟ್, ಕತ್ತಲು ಎಲ್ಲ ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಬರುತ್ತದೆ. ನೀವು ರೆಫರೆನ್ಸ್ ಅಂತ ನೋಡುತ್ತಿರುವ ಸ್ಟಿಲ್‌ಗಳೆಲ್ಲ ಗ್ರೇಡ್ ಆದಮೇಲಿನವು. ಶೂಟಿಂಗ್ ಜಾಗದಲ್ಲಿ ಅವು ಹಾಗೆ ಇರಲೇ ಇಲ್ಲ.

ಮಂದಬೆಳಕು

ಕೊನೆಯ ಮಾತು ನಿಜ, ಅದನ್ನು ಎಲ್ಲರೂ ನೆನಪಿಡಬೇಕು. ಸ್ಟಿಲ್ ನೋಡಿ "ಈ ನೀಲಿ ಬೇಕು" ಅಂದರೆ ಆ ನೀಲಿ ಲೈಟ್‌ನಿಂದ ಬಂತೋ, ಬಟ್ಟೆಯಿಂದಲೋ, ಗ್ರೇಡ್‌ನಿಂದಲೋ ಯಾರಿಗೂ ಗೊತ್ತಿರುವುದಿಲ್ಲ.

ಆದರೆ ಕತ್ತಲು ಗ್ರೇಡಿಂಗ್‌ನಲ್ಲಿ ಬರುತ್ತದೆ ಅನ್ನೋದನ್ನು ನಾನು ಒಪ್ಪಲ್ಲ. ಬಿಳಿ ಕೋಣೆಯಲ್ಲಿ ಕಿಟಕಿಯ ಬೆಳಕು ನಾಲ್ಕೂ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಮುಖದ ನೆರಳಿನ ಭಾಗ ತುಂಬಿ ಹೋಗುತ್ತದೆ. ಬೆಳಕಿಗೆ ದಿಕ್ಕೇ ಉಳಿದಿರುವುದಿಲ್ಲ. ಅಂಥ ಶಾಟ್ ಅನ್ನು ನೀವು ಕಪ್ಪು ಮಾಡಿದರೆ ಕಪ್ಪಗಿನ ಚಪ್ಪಟೆ ಶಾಟ್ ಸಿಗುತ್ತದೆ. ಮುಖ ಬಿಟ್ಟು ಗೋಡೆ ಮಾತ್ರ ಇಳಿಸಬೇಕು ಅಂದರೆ ಮಾಸ್ಕ್ ಎಳೆದು ಟ್ರ್ಯಾಕ್ ಮಾಡಬೇಕು. ಒಂದೆರಡು ಶಾಟ್‌ಗೆ ಸರಿ. 22 ನಿಮಿಷಕ್ಕೆ?

ಗ್ರೇಡ್‌ಮನೆ

ಮಾಸ್ಕ್ ಈಗ ಮೊದಲಿನಷ್ಟು ಕಷ್ಟ ಇಲ್ಲ. ಆದರೆ ಕೂದಲ ಅಂಚು ಹೊಲಸಾಗುತ್ತೆ, ಅದು ನಿಜ.

ಗೋಡೆ‌ಪರದೆ

ನಾನು ಆರ್ಟ್ ವಿಭಾಗದವಳು. ಹ್ಯಾಮರ್ಶೋಯ್ ಹೆಸರು ನೋಡಿ ಬಂದೆ. ಹೊಸಫ್ರೇಮ್ ಅವರೇ, ಆ ಪೇಂಟಿಂಗ್ ಇನ್ನೊಂದು ಸಲ ತೆಗೆದು ನೋಡಿ. ಅವರು ಕೋಪನ್‌ಹೇಗನ್‌ನ ಒಂದೇ ಮನೆಯಲ್ಲಿ 1898ರಿಂದ 1909ರವರೆಗೆ ಇದ್ದರು. 60ಕ್ಕೂ ಹೆಚ್ಚು ಚಿತ್ರ ಆ ಕೋಣೆಗಳದ್ದೇ. ನಿಮ್ಮದೂ ಒಂದೇ ಮನೆಯ ಕಥೆ, ಆರಿಸಿದ್ದು ಚೆನ್ನಾಗಿದೆ. ಆದರೆ ಅಲ್ಲಿ ಬಿಳಿ ಎಲ್ಲಿದೆ ನೋಡಿ. ಬಾಗಿಲಲ್ಲಿದೆ, ಕಿಟಕಿ ಚೌಕಟ್ಟಿನಲ್ಲಿದೆ. ಗೋಡೆ ಬೂದು. ಹೆಂಗಸಿನ ಬಟ್ಟೆ ಕಪ್ಪು. ಅದಕ್ಕೇ ಅವಳ ಕತ್ತಿನ ಹಿಂಭಾಗ ಹೊಳೆಯುತ್ತದೆ. ನಿಮಗೆ ಇಷ್ಟವಾದ ಆ ಕತ್ತಲಿನಲ್ಲಿ ಅರ್ಧ ಕೆಲಸ ಬೆಳಕಿನದಲ್ಲ, ಗೋಡೆಯದು. ಅಂದರೆ ಆ ಪುಟ ಕ್ಯಾಮೆರಾಮನ್‌ಗಿಂತ ಮೊದಲು ನಿಮ್ಮ ಆರ್ಟ್ ಡೈರೆಕ್ಟರ್‌ಗೆ ಹೋಗಬೇಕು. ಅವರು ಗೋಡೆ ಬಣ್ಣ ಕೇಳಿದ್ದು ಇದಕ್ಕೇ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 80 ಪಾಲು ವಾಪಸ್ ಕೊಡುತ್ತದೆ. ಕಂದು ಮೈಬಣ್ಣದ ಮುಖ ಸುಮಾರು 20. ಹಾಗಾದರೆ ಎರಡಕ್ಕೂ ಒಂದೇ ಬೆಳಕು ಬಿದ್ದರೆ ಗೋಡೆ ಮುಖಕ್ಕಿಂತ ನಾಲ್ಕು ಪಟ್ಟು ಪ್ರಕಾಶ. ಒಂದು ಸ್ಟಾಪ್ ಅಂದರೆ ಎರಡು ಪಟ್ಟು, ಹಾಗಾಗಿ ಅದು ಎರಡು ಸ್ಟಾಪ್. ಪೇಂಟಿಂಗ್‌ನಲ್ಲಿರುವ ಹಾಗೆ ಗೋಡೆ ಮುಖಕ್ಕಿಂತ ಎರಡು ಸ್ಟಾಪ್ ಕೆಳಗೆ ಇರಬೇಕು ಅಂದರೆ ಒಟ್ಟು ನಾಲ್ಕು ಸ್ಟಾಪ್ ಇಳಿಸಬೇಕು. ಹದಿನಾರು ಪಟ್ಟು! ಹತ್ತು ಅಡಿ ಕೋಣೆಯಲ್ಲಿ ನಟರು ಗೋಡೆಗೆ ಅಂಟಿಕೊಂಡೇ ಇರುತ್ತಾರೆ, ಯಾವ ಕ್ಯಾಮೆರಾಮನ್ ಇದನ್ನು ಬರೀ ಲೈಟ್‌ನಲ್ಲಿ ಮಾಡುತ್ತಾನೆ? ಗೋಡೆಗೆ ಮಧ್ಯಮ ಬೂದು ಬಳಿದರೆ ಎರಡು ಸ್ಟಾಪ್ ಸುಮ್ನೆ ಸಿಕ್ಕಿತು. ಉಳಿದ ಎರಡನ್ನು ಅವರು ಪರದೆ, ಕಪ್ಪು ಬಟ್ಟೆ ಕಟ್ಟಿ ನೋಡಿಕೊಳ್ಳುತ್ತಾರೆ.

ಮಂದಬೆಳಕು

ಇದನ್ನು ನನ್ನ ಹಳೆಯ ನಿರ್ದೇಶಕರಿಗೆಲ್ಲ ಕಳಿಸಬೇಕು ಅನಿಸುತ್ತಿದೆ ಅಕ್ಕ. ಫ್ರೇಮಿನಲ್ಲಿ ಕಾಣದ ಗೋಡೆಗೂ ಕಪ್ಪು ಬಟ್ಟೆ ಇಳಿಬಿಡಬೇಕು ಅನ್ನೋದನ್ನು ಸೇರಿಸುತ್ತೇನೆ. ಕ್ಯಾಮೆರಾ ಹಿಂದಿನ ಬಿಳಿ ಗೋಡೆಯೇ ಎಷ್ಟೋ ಸಲ ಮುಖ ಚಪ್ಪಟೆ ಮಾಡುತ್ತದೆ.

ದಾರಿಯಲ್ಲಿ

ನಾನು ಸಾಕ್ಷ್ಯಚಿತ್ರ ಮಾಡುತ್ತೇನೆ. ನನಗೆ ಗೋಡೆಗೆ ಬಣ್ಣ ಬಳಿಯೋ ಭಾಗ್ಯ ಇಲ್ಲ, ಲೈಟ್ ಇಡೋ ಭಾಗ್ಯವೂ ಇಲ್ಲ. ಆದರೂ ಕ್ಯಾಮೆರಾ ಹಿಡಿಯುವವರಿಗೆ ಬೋರ್ಡ್ ಮಾಡುತ್ತೇನೆ. ಅದರಲ್ಲಿ ದೂರ ಎಷ್ಟಿರಬೇಕು ಅನ್ನೋದು ಮಾತ್ರ. ಮಾತಾಡುವವರ ಹತ್ತಿರ ಕೂತು ವೈಡ್ ಲೆನ್ಸ್‌ನಲ್ಲಿ ತೆಗೆಯೋದಾ, ಬಾಗಿಲಾಚೆ ನಿಂತು ಉದ್ದ ಲೆನ್ಸ್‌ನಲ್ಲಿ ತೆಗೆಯೋದಾ ಅಂತ. ಆರು ಚಿತ್ರ ಹಾಕುತ್ತೇನೆ, ಅದರಲ್ಲಿ ಮೂರು "ಹೀಗೆ ಬೇಡ" ಅನ್ನೋವು. ಆ ಮೂರೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ಹೊಸಫ್ರೇಮ್

"ಹೀಗೆ ಬೇಡ" ಪುಟ ನನಗೆ ಹೊಳೆದೇ ಇರಲಿಲ್ಲ. ಒಂದು ಅನುಮಾನ: ಬೇಡದ ಚಿತ್ರ ತೋರಿಸಿದರೆ ತಲೆಯಲ್ಲಿ ಅದೇ ಕೂತುಬಿಡಲ್ವಾ?

ದಾರಿಯಲ್ಲಿ

ಇಷ್ಟವಿಲ್ಲದ ಕೆಟ್ಟ ಚಿತ್ರ ಹಾಕಬೇಡಿ. ನಿಮ್ಮದಕ್ಕೆ ತುಂಬಾ ಹತ್ತಿರ ಇದ್ದು, ಒಂದೇ ವಿಷಯದಲ್ಲಿ ತಪ್ಪಿರುವುದನ್ನು ಹಾಕಿ. ಉದಾಹರಣೆಗೆ ಅದೇ ಕಿಟಕಿ, ಅದೇ ಕತ್ತಲು, ಆದರೆ ಹೊಗೆ ಬಿಟ್ಟು ಬೆಳಕಿನ ಕೋಲು ಕಾಣುವ ಹಾಗೆ ಮಾಡಿದ್ದು. "ಹೊಗೆ ಬೇಡ" ಅಂತ ಬರೆಯಿರಿ. ಎಲ್ಲಿಗೆ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಾಗುತ್ತದೆ.

ಹಳೇರೀಲು

ನನ್ನ ಮಾತು ಇಲ್ಲಿ ಯಾರಿಗೂ ಹಿಡಿಸಲ್ಲ, ಗೊತ್ತು. ಬೇರೆಯವರ ಚಿತ್ರ ಕತ್ತರಿಸಿ ಅಂಟಿಸುವುದು ನಿಮ್ಮ ಕಣ್ಣನ್ನು ಬೇರೆಯವರಿಗೆ ಒತ್ತೆ ಇಟ್ಟ ಹಾಗೆ. ನಾವು ಕ್ಯಾಮೆರಾಮನ್ ಜೊತೆ ಚಿತ್ರಕಥೆ ಓದುತ್ತಿದ್ದೆವು. ಸಂಜೆ ಐದಕ್ಕೆ ಆ ಕೋಣೆಯಲ್ಲಿ ಹೋಗಿ ಕೂರುತ್ತಿದ್ದೆವು. ಬೆಳಕು ಎಲ್ಲಿಂದ ಬರುತ್ತೆ ಅಂತ ನೋಡುತ್ತಿದ್ದೆವು. ಅಷ್ಟೇ. ನಿಮ್ಮ ರೆಫರೆನ್ಸ್ ಮಹಾಶಯ ನೋಡಿದ ಕಿಟಕಿ ಉತ್ತರಕ್ಕಿತ್ತೋ ಪಶ್ಚಿಮಕ್ಕಿತ್ತೋ ಅಂತ ನಿಮಗೆ ಗೊತ್ತಾ?

ಮಂದಬೆಳಕು

ಸರ್, ಒಬ್ಬರನ್ನೊಬ್ಬರು ಹತ್ತು ವರ್ಷದಿಂದ ಬಲ್ಲವರಿಗೆ ಅದು ಸಾಕು. ಇವರು ಮೂವರೂ ಭೇಟಿಯಾಗಿದ್ದೇ ಹೋದ ತಿಂಗಳು. "ಮಂಕು ಬೆಳಕು" ಅಂದರೆ ಮೂವರ ತಲೆಯಲ್ಲೂ ಮೂರು ಬೆಳಕು.

ಆದರೆ ಕಿಟಕಿ ದಿಕ್ಕಿನ ಮಾತು ಬಂಗಾರ. ಹೊಸಫ್ರೇಮ್ ಅವರೇ, ಬುಕ್ಕಿನಲ್ಲಿ ನಿಮ್ಮ ಮನೆಯ ಫೋಟೊ ಒಂದಾದರೂ ಇದೆಯಾ?

ಹೊಸಫ್ರೇಮ್

ಇಲ್ಲ. 😐

ಮಂದಬೆಳಕು

ಪ್ರತಿ ರೆಫರೆನ್ಸ್ ಪಕ್ಕ ನಿಮ್ಮ ಕೋಣೆಯ ಫೋಟೊ ಇಡಿ. ಕ್ಯಾಮೆರಾ ಎಲ್ಲಿ ಇರುತ್ತದೋ ಅಲ್ಲಿಂದ, ಕಥೆಯಲ್ಲಿ ಯಾವ ಹೊತ್ತೋ ಆ ಹೊತ್ತಿಗೆ ತೆಗೆದದ್ದು. ಎರಡು ಚಿತ್ರದ ನಡುವೆ ಎಷ್ಟು ಅಂತರ ಇದೆಯೋ ಅದೇ ನಮ್ಮ ಕೆಲಸದ ಪಟ್ಟಿ. ಮುಚ್ಚಲು ಆಗದಷ್ಟು ಅಂತರ ಇದ್ದರೆ ಆ ರೆಫರೆನ್ಸ್ ತೆಗೆಯಿರಿ. ತುಂಬಾ ದೂರ ಹಿಂದೆ ಹೋಗಿ ತೆಗೆದ ಶಾಟ್ ಅನ್ನು ಆ ಕೋಣೆಯಲ್ಲಿ ತೋರಿಸಿ ಏನು ಉಪಯೋಗ, ಹಿಂದೆ ಗೋಡೆ ಇದೆ ಅಲ್ವಾ?

ಗೋಡೆ‌ಪರದೆ

ಮತ್ತೆ ಬಣ್ಣವನ್ನು ಸ್ಕ್ರೀನ್ ನೋಡಿ ಒಪ್ಪಬೇಡಿ. ಎರಡೆರಡು ಅಡಿಯ ಹಲಗೆಗೆ ಮೂರು ಬಣ್ಣ ಬಳಿಸಿ. ಹೊಳಪಿಲ್ಲದ ಬಣ್ಣ ಇರಲಿ, ಹೊಳಪಿದ್ದರೆ ಲೈಟ್ ಅದರಲ್ಲಿ ಕಾಣುತ್ತದೆ. ಕಿಟಕಿ ಹತ್ತಿರ ಒಮ್ಮೆ, ರಾತ್ರಿ ಬಲ್ಬ್ ಕೆಳಗೆ ಒಮ್ಮೆ ಇಡಿ. ಮುಂದೆ ಒಬ್ಬರನ್ನು ಪಾತ್ರದ ಬಟ್ಟೆ ಹಾಕಿಸಿ ಕೂರಿಸಿ. ಶೂಟ್ ಮಾಡುವ ಕ್ಯಾಮೆರಾದಲ್ಲೇ ತೆಗೆಯಿರಿ.

ಹೊಸಫ್ರೇಮ್

ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಮೊದಲು ಒಂದು ಜಗಳ. ಆರ್ಟ್ ಡೈರೆಕ್ಟರ್ ಮೇಡಂ "ನಿಮ್ಮ ಬುಕ್ ಪೂರ್ತಿ ಹಸಿರು ಹೊಡೆಯುತ್ತೆ" ಅಂದರು. ನಾನು "ಅದು ನೀಲಿ ಬೂದು" ಅಂದೆ. ಅರ್ಧ ಗಂಟೆ ವಾದ ಆಯಿತು. ಕೊನೆಗೆ ನೋಡಿದರೆ ಅವರು ರಾತ್ರಿ ಮಲಗುವ ಮುಂಚೆ ಫೋನ್‌ನಲ್ಲಿ ನೋಡಿದ್ದರು. ಕಣ್ಣಿಗೆ ಹಿತ ಅಂತ ಸ್ಕ್ರೀನನ್ನು ಹಳದಿ ಮಾಡುವ ಸೆಟ್ಟಿಂಗ್ ಆನ್ ಇತ್ತು! ಈಗ ಬುಕ್ ಅನ್ನು ಮೂವರೂ ಒಟ್ಟಿಗೆ ಕೂತು ಒಂದೇ ಮಾನಿಟರ್‌ನಲ್ಲಿ ಮಾತ್ರ ನೋಡುತ್ತೇವೆ.

ಮೂರು ಹಲಗೆ ಮಾಡಿಸಿದೆವು. ನೀಲಿ ಬೂದು, ಹಸಿರು ಬೂದು, ಬರೀ ಬೂದು. ನನ್ನ ಮನಸ್ಸೆಲ್ಲ ನೀಲಿ ಬೂದಿನ ಮೇಲೆ ಇತ್ತು. ಸಂಜೆ ನಾಲ್ಕಕ್ಕೆ ಕಿಟಕಿ ಹತ್ತಿರ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ರಾತ್ರಿ 2700 ಕೆಲ್ವಿನ್ ಬಲ್ಬ್ ಹಾಕಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 4300ಕ್ಕೆ ಇಟ್ಟು ನೋಡಿದರೆ ಅದರ ನೀಲಿಯೇ ಮಾಯ. ಕೊಳೆ ಬಟ್ಟೆ ತರಹ ಆಯಿತು. ಕ್ಯಾಮೆರಾಮನ್ ಹೇಳಿದರು, ಆ ಬಲ್ಬಿನಲ್ಲಿ ನೀಲಿ ಇರುವುದೇ ಕಡಿಮೆ, ಗೋಡೆ ಎಲ್ಲಿಂದ ತಂದು ತೋರಿಸಲಿ ಅಂತ. ನನ್ನ ಕಥೆಯಲ್ಲಿ ಮುಕ್ಕಾಲು ಪಾಲು ಬಲ್ಬಿನ ಕೆಳಗೇ ನಡೆಯುತ್ತದೆ. ಹಸಿರು ಬೂದು ಎರಡೂ ಕಡೆ ನಿಂತಿತು. ಅದೇ ಗಟ್ಟಿ.

ಇನ್ನೊಂದು ಸಿಕ್ಕಿಬಿದ್ದಿದ್ದು: ಅಣ್ಣನ ಶರ್ಟು ಕಡುನೀಲಿ. ಬಣ್ಣದಲ್ಲಿ ಗೋಡೆಯಿಂದ ಬೇರೆಯಾಗಿಯೇ ಕಾಣುತ್ತಿತ್ತು. ಕ್ಯಾಮೆರಾಮನ್ ಟೆಸ್ಟ್ ಫೋಟೊವನ್ನು ಕಪ್ಪು ಬಿಳುಪು ಮಾಡಿ ತೋರಿಸಿದರು. ಭುಜ ಎಲ್ಲಿ ಮುಗಿಯಿತು, ನೆರಳಿನ ಗೋಡೆ ಎಲ್ಲಿ ಶುರುವಾಯಿತು ಗೊತ್ತೇ ಆಗಲಿಲ್ಲ. ಶರ್ಟ್ ಬದಲಾಯಿತು. ಈಗ ಬುಕ್ಕಿನ ಪ್ರತಿ ಪುಟದ ಮೂಲೆಯಲ್ಲಿ ಅದೇ ಚಿತ್ರದ ಸಣ್ಣ ಕಪ್ಪು ಬಿಳುಪು ಪ್ರತಿ ಇದೆ.

ಬುಕ್ ಈಗ 19 ಚಿತ್ರ. ಸಂಜೆ, ರಾತ್ರಿ, ಬೆಳಗು ಅಂತ ಮೂರು ಭಾಗ. ಬೆಳಗಿನ ಭಾಗದಲ್ಲಿ ಎರಡೇ ಚಿತ್ರ, ಅಲ್ಲಿ ಸಾಮಾನೆಲ್ಲ ಹೋಗಿ ಕೋಣೆ ಖಾಲಿ. ಹ್ಯಾಮರ್ಶೋಯ್ ಒಂದೇ ಉಳಿದರು. ಕೆಳಗೆ ಬರೆದಿರುವ ವಾಕ್ಯ: "ಗೋಡೆ ಮುಖಕ್ಕಿಂತ ಕಪ್ಪಗೆ, ಬಾಗಿಲು ಮಾತ್ರ ಬಿಳಿ. ದೃಶ್ಯ 4, 7. ಕಪ್ಪು ಉಡುಪು ಬೇಡ, ಖಾಲಿ ಕೋಣೆ ಈಗಲೇ ಬೇಡ." "ಹೀಗೆ ಬೇಡ" ಪುಟದಲ್ಲಿ ನಾಲ್ಕು.

ಗೋಡೆ‌ಪರದೆ

"ಖಾಲಿ ಕೋಣೆ ಈಗಲೇ ಬೇಡ" ಅಂತ ಬರೆದಿದ್ದು ಒಳ್ಳೆಯದಾಯಿತು. ಅದಿಲ್ಲದೆ ಇದ್ದಿದ್ದರೆ ಮೊದಲ ದಿನವೇ ನಾನಾಗಿದ್ದರೆ ಸಾಮಾನೆಲ್ಲ ಎತ್ತಿಸಿಬಿಡುತ್ತಿದ್ದೆ. ಗೋಡೆ ಬಳಿಯಲು ಮನೆಯವರು ಒಪ್ಪಿದರಾ?

ಹೊಸಫ್ರೇಮ್

ಗೋಡೆಗೆ ಒಪ್ಪಿದರು, ಶೂಟಿಂಗ್ ಮುಗಿದ ಮೇಲೆ ಮತ್ತೆ ಬಿಳಿ ಹೊಡೆಸಿಕೊಡಬೇಕು. ಸೀಲಿಂಗ್ ಮುಟ್ಟಬೇಡಿ ಅಂದಿದ್ದಾರೆ. ಈಗ ಅಲ್ಲೇ ಕಗ್ಗಂಟು. ನನಗೆ ಚೌಕಕ್ಕೆ ಹತ್ತಿರದ 4:3 ಫ್ರೇಮ್ ಬೇಕು. ನನ್ನ ತುಂಬಾ ಅಗಲದ 2.39 ಸ್ಟಿಲ್‌ಗಳನ್ನೆಲ್ಲ 4:3ಕ್ಕೆ ಕತ್ತರಿಸಿ ಬುಕ್ಕಿಗೆ ಹಾಕಿದಾಗ ಐದು ಚಿತ್ರ ಅಲ್ಲೇ ಬಿದ್ದುಹೋದವು, ಅದು ಬೇರೆ ಮಾತು. ಕ್ಯಾಮೆರಾಮನ್ 4:3ಗಿಂತ ಅಗಲದ 1.85 ಅನ್ನುತ್ತಿದ್ದಾರೆ. ಈ ಕೋಣೆಯಲ್ಲಿ 4:3 ವೈಡ್ ಶಾಟ್ ಇಟ್ಟರೆ ಬಿಳಿ ಸೀಲಿಂಗ್ ಒಳಗೆ ಬರುತ್ತೆ, ಇಷ್ಟು ಮಾಡಿದ್ದೆಲ್ಲ ಹೋಯಿತು ಅಂತ ಅವರ ವಾದ.

ಹಳೇರೀಲು

ಕ್ಯಾಮೆರಾ ಎತ್ತರದಲ್ಲಿಟ್ಟು ಸ್ವಲ್ಪ ಕೆಳಗೆ ನೋಡಿಸಿ, ಸೀಲಿಂಗ್ ಹೋಗುತ್ತದೆ.

ಮಂದಬೆಳಕು

ಹೋಗುತ್ತದೆ ಸರ್, ಆದರೆ ಬಾಗಿಲು, ಕಿಟಕಿಯ ಗೆರೆಗಳು ಕೆಳಗೆ ಹೋದಂತೆ ಒಳಗೆ ವಾಲುತ್ತವೆ. ಅವರ ರೆಫರೆನ್ಸ್‌ನಲ್ಲಿ ಎಲ್ಲ ಗೆರೆಯೂ ನೆಟ್ಟಗೆ ನಿಂತಿದೆ, ಚಂದ ಇರೋದೇ ಅಲ್ಲಿ. ನಾನಾದರೆ ವೈಡ್ ಶಾಟ್ ಇರುವ ಭಾಗದ ಸೀಲಿಂಗ್‌ಗೆ ಮಾತ್ರ ಹಸಿರು ಬೂದು ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ ನೋಡುತ್ತೇನೆ. ಹೊಲಿಗೆ ಕಾಣುತ್ತದಾ ಅನ್ನೋದೇ ಪ್ರಶ್ನೆ.

ಗೋಡೆ‌ಪರದೆ

ಕಾಣುತ್ತದೆ. ಬಲ್ಬ್ ಅದರ ಹತ್ತಿರ ಇದ್ದರೆ ಇನ್ನೂ ಜಾಸ್ತಿ.

ಹೊಸಫ್ರೇಮ್

ನಾಳೆ ಸಂಜೆ ಏಣಿ, ಬಟ್ಟೆ ಎರಡೂ ತೆಗೆದುಕೊಂಡು ಮೂವರೂ ಹೋಗುತ್ತಿದ್ದೇವೆ. 4:3 ಮತ್ತು 1.85 ಎರಡರಲ್ಲೂ ಅದೇ ವೈಡ್ ಶಾಟ್ ತೆಗೆದು ಬುಕ್ಕಿನಲ್ಲಿ ಪಕ್ಕಪಕ್ಕ ಇಡುತ್ತೇವೆ.